ಸಿಮಿಲಾರಿಟಿ ರಿಪೋರ್ಟ್ 31% ಬಂದಿದೆ, ಯಾವುದನ್ನು ತಿದ್ದಬೇಕು? ಅನುಭವ ಹೇಳಿ

ಕೊನೆಯ ಅಧ್ಯಾಯ:
ಥೀಸಿಸ್ ಸುಮಾರು 60,000 ಪದ. ನಕಲು ಪತ್ತೆ ತಂತ್ರಾಂಶದ ರಿಪೋರ್ಟಿನಲ್ಲಿ 31% ಹೋಲಿಕೆ ಬಂದಿದೆ. ಅದರಲ್ಲಿ 11% ನನ್ನದೇ ಪ್ರಕಟಿತ ಲೇಖನ, ಮಿಕ್ಕಿದ್ದೆಲ್ಲ ಚೂರುಪಾರು. ಗೈಡ್ "ಕಡಿಮೆ ಮಾಡ್ಕೊಂಡು ಬನ್ನಿ" ಅಂದರು, ಅಷ್ಟೇ. ಇದರಲ್ಲಿ ನಿಜವಾದ ತೊಂದರೆ ಯಾವುದು, ಬಿಟ್ಟರೂ ನಡೆಯುವಂಥದ್ದು ಯಾವುದು? ಈ ದಾರಿಯಲ್ಲಿ ಹೋಗಿ ಬಂದವರು ಹೇಳಿ.

ಹಳೇ ವಿದ್ಯಾರ್ಥಿ:
ಇಷ್ಟಕ್ಕೆಲ್ಲ ಹೆದರಬೇಡಿ. ನನ್ನದು 34% ಇತ್ತು. ಫಿಲ್ಟರಿನಲ್ಲಿ ಗ್ರಂಥಸೂಚಿ ತೆಗೆಸಿದೆ, ಉದ್ಧರಣೆ ಚಿಹ್ನೆಯೊಳಗಿನದು ತೆಗೆಸಿದೆ, 1%ಗಿಂತ ಕಡಿಮೆ ಇರುವ ಮೂಲಗಳನ್ನೆಲ್ಲ ತೆಗೆಸಿದೆ. 8ಕ್ಕೆ ಇಳಿಯಿತು. ಒಂದು ಸಾಲೂ ಮತ್ತೆ ಬರೆಯಲಿಲ್ಲ, ವೈವಾದಲ್ಲಿ ಯಾರೂ ಕೇಳಲೂ ಇಲ್ಲ. ಚೂರುಪಾರು ಅಂತ ನೀವೇ ಹೇಳ್ತಿದ್ದೀರಿ, ಹಾಗಿದ್ದರೆ ಅದೆಲ್ಲ ಸಹಜ ಹೋಲಿಕೆ.

ರಿಪೋರ್ಟ್ ಓದುವವಳು:
ಗ್ರಂಥಸೂಚಿ, ಉದ್ಧರಣೆ ತೆಗೆಸಿದ್ದು ಸರಿ. ಆ ಮೂರನೇ ಫಿಲ್ಟರ್ ಮಾತ್ರ ದಯವಿಟ್ಟು ಯಾರಿಗೂ ಹೇಳಿಕೊಡಬೇಡಿ. 60,000 ಪದದಲ್ಲಿ 1% ಅಂದರೆ 600 ಪದ, ಹತ್ತಿರ ಹತ್ತಿರ ಎರಡು ಪುಟ. ಒಬ್ಬರು ಒಂದೂವರೆ ಪುಟವನ್ನು ಹಾಗೇ ಎತ್ತಿ ಇಟ್ಟಿದ್ದರೂ ಆ ಫಿಲ್ಟರ್ ಹಾಕಿದ ಕೂಡಲೇ ಪರದೆಯಿಂದ ಮಾಯವಾಗುತ್ತದೆ. ಥೀಸಿಸ್ ದಪ್ಪವಾದಷ್ಟೂ ಬಚ್ಚಿಟ್ಟುಕೊಳ್ಳಲು ಜಾಗ ಹೆಚ್ಚು. ಶೇಕಡಾ ಬದಲು ಪದಗಳ ಮಿತಿ ಹಾಕಿ, ಹತ್ತೋ ಹನ್ನೆರಡೋ ಪದ. ಆಗ "ಈ ಅಧ್ಯಯನದ ಉದ್ದೇಶವೇನೆಂದರೆ" ಥರದ ಸವಕಲು ಸಾಲುಗಳು ಹೋಗುತ್ತವೆ, ಪ್ಯಾರಾಗಳು ಉಳಿಯುತ್ತವೆ.

ನಾನು ವರ್ಷಗಳಿಂದ ಈ ರಿಪೋರ್ಟುಗಳನ್ನು ಓದುತ್ತಿದ್ದೇನೆ. ಎರಡು ಥೀಸಿಸ್ ಒಟ್ಟಿಗೇ ಬಂದಿದ್ದವು, ಒಂದು 38%, ಇನ್ನೊಂದು 7%. ಮೊದಲನೆಯದರಲ್ಲಿ ಹೋಲಿಕೆ ಅಂತ ಬಣ್ಣ ಬಿದ್ದಿದ್ದು ಘೋಷಣಾ ಪುಟ, ಗ್ರಂಥಸೂಚಿ, ಅನುಬಂಧದಲ್ಲಿದ್ದ ಪ್ರಶ್ನಾವಳಿ ಮತ್ತು ಅವರದೇ ಲೇಖನದ ಮೇಲೆ. ಆ ಪ್ರಶ್ನಾವಳಿಯನ್ನು ಬೇರೆ ಸಂಶೋಧಕರೂ ಬಳಸಿದ್ದಾರೆ, ಅದರ ಒಂದು ಪದ ಬದಲಿಸಿದರೂ ಅಳತೆಯೇ ಕೆಡುತ್ತದೆ. ಅದಕ್ಕೆ ಸಹಿ ಹಾಕಿ ಕಳಿಸಿದೆ.

7% ಬಂದದ್ದನ್ನು ವಾಪಸ್ ಕಳಿಸಿದೆ. ಸಾಹಿತ್ಯ ಸಮೀಕ್ಷೆಯ ಒಂದೇ ಕಡೆ ಮುಕ್ಕಾಲು ಪುಟ ಒಂದೇ ಬಣ್ಣ, ನಡುನಡುವೆ ಒಂದೊಂದು ಪದ ಮಾತ್ರ ಬಿಳಿ: "ತೋರಿಸಿದರು" ಇದ್ದಲ್ಲಿ "ನಿರೂಪಿಸಿದರು". ಪ್ಯಾರಾದ ಕೊನೆಗೆ ಮೂಲದ ಉಲ್ಲೇಖ ಇತ್ತು, ನಿಜ. ಆದರೆ ಆರು ಸಂಶೋಧಕರ ಹೆಸರು ಮೂಲದಲ್ಲಿದ್ದ ಕ್ರಮದಲ್ಲೇ ಬಂದಿದ್ದವು, ಮೂಲದವರು ತಪ್ಪಾಗಿ ಹಾಕಿದ್ದ ಒಂದು ಇಸವಿ ಕೂಡ ಹಾಗೇ ಬಂದಿತ್ತು. ಅಂದರೆ ಆ ಆರು ಲೇಖನಗಳಲ್ಲಿ ಒಂದನ್ನೂ ಇವರು ತೆರೆದಿರಲಿಲ್ಲ. ಇಂಥದ್ದು ಶೇಕಡಾದಲ್ಲಿ ಕಾಣುವುದಿಲ್ಲ. ಬಣ್ಣ ಎಷ್ಟು ಹೊತ್ತು ಮುರಿಯದೆ ಓಡುತ್ತದೆ, ಎಲ್ಲಿ ಓಡುತ್ತದೆ ಅನ್ನುವುದರಲ್ಲಿ ಕಾಣುತ್ತದೆ.

ಹಳೇ ವಿದ್ಯಾರ್ಥಿ:
ಉಲ್ಲೇಖ ಕೊಟ್ಟ ಮೇಲೂ ಕಳ್ಳತನ ಅಂದರೆ ಹೇಗೆ ಮೇಡಂ? ಹೀಗೆ ಹುಡುಕಿದರೆ ಯಾರ ಥೀಸಿಸ್ ಪಾಸಾಗುತ್ತೆ?

ರಿಪೋರ್ಟ್ ಓದುವವಳು:
ಕಳ್ಳತನ ಅನ್ನುವ ಪದ ನಾನು ಬಳಸಿಲ್ಲ. ವಿಚಾರ ಯಾರದು ಅಂತ ಉಲ್ಲೇಖ ಹೇಳುತ್ತದೆ. ವಾಕ್ಯವೂ ಅವರದೇ ಆಗಿದ್ದರೆ ಅದನ್ನು ಹೇಳಲು ಉದ್ಧರಣೆ ಚಿಹ್ನೆ ಬೇಕು. ಇಲ್ಲದಿದ್ದರೆ ಓದುವವರು ವಾಕ್ಯ ನಿಮ್ಮದು ಅಂದುಕೊಳ್ಳುತ್ತಾರೆ.

ಎರಡನೇ ಸಲ:
ನನ್ನ ಕಥೆ ಕೇಳಿ. ನನಗೆ ಬಂದದ್ದು 92%! ಎದೆ ಧಸಕ್ಕೆಂದಿತು. ತೆರೆದು ನೋಡಿದರೆ ಮೂಲದ ಜಾಗದಲ್ಲಿ "ವಿದ್ಯಾರ್ಥಿ ಪ್ರಬಂಧ" ಅಂತಿದೆ, ಜೊತೆಗೆ ನಮ್ಮದೇ ಸಂಸ್ಥೆಯ ಹೆಸರು. ಮೊದಲ ಸಲ ಪರೀಕ್ಷಿಸಿದವರು ನನ್ನ ಕರಡನ್ನು ತಂತ್ರಾಂಶದ ಭಂಡಾರದಲ್ಲಿ ಉಳಿಸಿಬಿಟ್ಟಿದ್ದರು. ನನಗೆ ನಾನೇ ಮೂಲ! ಕಚೇರಿಯವರು ಸಂಖ್ಯೆ ಬಿಟ್ಟು ಬೇರೇನೂ ನೋಡಲು ಒಪ್ಪಲಿಲ್ಲ. ಅರ್ಜಿ, ಗೈಡ್ ಸಹಿ, ವಿಭಾಗದ ಸಹಿ, ಮತ್ತೆ ಅರ್ಜಿ. ಅಷ್ಟರಲ್ಲಿ ನನ್ನ ಸಲ್ಲಿಕೆಯ ಗಡುವು ಮುಗಿದು ಮುಂದಿನ ಅವಧಿಗೆ ಶುಲ್ಕ ಕಟ್ಟಬೇಕಾಯಿತು. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಕರಡು ಕೊಡುವಾಗ "ಭಂಡಾರದಲ್ಲಿ ಉಳಿಸಬೇಡಿ" ಅಂತ ಬರವಣಿಗೆಯಲ್ಲೇ ಕೊಡಿ, ಬಾಯಿಮಾತು ನಂಬಬೇಡಿ.

ಲ್ಯಾಬ್ ಮೂಲೆ:
ಆ 11% ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ. ಸ್ವಂತ ಲೇಖನ ಸ್ವಂತ ಥೀಸಿಸ್‌ನಲ್ಲಿ ಬರದೆ ಇನ್ನೆಲ್ಲಿ ಬರಬೇಕು? ಪ್ರಕಟಿಸಿ ಅಂತ ಅವರೇ ಹೇಳ್ತಾರೆ, ಪ್ರಕಟಿಸಿದ ಮೇಲೆ ಅದನ್ನೇ ತಪ್ಪು ಅಂತಾರೆ.

ನನಗೂ ಇದೇ ಆಯಿತು. ಸ್ವಂತ ಲೇಖನ ಹೊರಗಿಡಿ ಅಂತ ಕೇಳಿಕೊಂಡೆ, 9% ಇಳಿಯಬೇಕಿತ್ತು, ಇಳಿದದ್ದು 3%. ಮೋಸ ಮಾಡ್ತಿದ್ದಾರೆ ಅಂತ ಜಗಳಕ್ಕೇ ಹೋದೆ. ನೋಡಿದರೆ ಅದೇ ಲೇಖನದ ಪ್ರಿಪ್ರಿಂಟ್ ಒಂದು ಕಡೆ, ಸಹಲೇಖಕರ ಪುಟದಲ್ಲಿ ಇನ್ನೊಂದು ಪ್ರತಿ. ಮೇಲಿನದನ್ನು ತೆಗೆದರೆ ಅಡಿಯಲ್ಲಿದ್ದದ್ದು ಎದ್ದು ಬರುತ್ತೆ. ಎಲ್ಲವನ್ನೂ ಒಂದೊಂದಾಗಿ ತೆಗೆಸಿದ ಮೇಲೇ ಸರಿಹೋಗಿದ್ದು.

ಸಂಪಾದನೆ:
ಸ್ವಂತದ್ದು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಸಹಲೇಖಕರು ಇದ್ದಾರೆ ಅಂತ ನೀವೇ ಬರೆದಿದ್ದೀರಿ. ಆ ಪ್ಯಾರಾ ಬರೆದದ್ದು ನೀವೋ ಅವರೋ? "ಈ ಅಧ್ಯಾಯ ಇಂಥ ಲೇಖನವನ್ನು ಆಧರಿಸಿದೆ, ನನ್ನ ಪಾಲು ಇಷ್ಟು" ಅಂತ ಅಧ್ಯಾಯದ ಮೊದಲಲ್ಲೇ ಹೇಳಬೇಕು. ಹಕ್ಕು ಪತ್ರಿಕೆಗೆ ಹೋಗಿದ್ದರೆ ಅವರ ಅನುಮತಿಯನ್ನೂ ನೋಡಬೇಕು.

ಲ್ಯಾಬ್ ಮೂಲೆ:
ಮೊದಲ ಲೇಖಕ ನಾನು, ಪ್ರತಿ ಸಾಲೂ ನನ್ನದು. ಗೊತ್ತಿಲ್ಲದೆ ಆರೋಪ ಮಾಡಬೇಡಿ.

ಸಂಪಾದನೆ:
ಪ್ರಶ್ನೆ ಕೇಳಿದ್ದೇನೆ, ಆರೋಪ ಮಾಡಿಲ್ಲ. ಮೊದಲ ಹೆಸರು ಇದ್ದ ಮಾತ್ರಕ್ಕೆ ಎಲ್ಲ ಸಾಲೂ ಅವರದೇ ಅಂತ ಪರೀಕ್ಷಕರಿಗೆ ಹೇಗೆ ತಿಳಿಯಬೇಕು?

ಅಂಕಿಅಂಶ:
ಇಬ್ಬರೂ ಅಲ್ಲೇ ಬಿಡಿ. ಸಂಖ್ಯೆ ಇಳಿಸುವ ಹುಚ್ಚಿನಿಂದ ಆಗುವ ಅನಾಹುತ ನಾನು ಹೇಳ್ತೀನಿ. ವಿಧಾನದ ಅಧ್ಯಾಯದಲ್ಲಿ ಬಣ್ಣವೇ ಇರಬಾರದು ಅಂತ ನಮ್ಮ ಗೈಡ್ ಹಟ ಹಿಡಿದರು. ಎಷ್ಟು ವಾದ ಮಾಡಿದರೂ ಕೇಳಲಿಲ್ಲ. "ಸರಳ ಯಾದೃಚ್ಛಿಕ ಮಾದರಿ" ಹೋಗಿ "ಸುಲಭ ಅನಿಶ್ಚಿತ ನಮೂನೆ" ಆಯಿತು, "ಪ್ರಮಾಣಿತ ವಿಚಲನೆ" ಹೋಗಿ "ಮಾನ್ಯ ವ್ಯತ್ಯಾಸ" ಆಯಿತು. ಅಧ್ಯಾಯ ಪೂರ್ತಿ ಹೀಗೆ. ಹೊರಗಿನ ಪರೀಕ್ಷಕರು "ಇದು ಯಾವ ಹೊಸ ಮಾದರಿ ಪದ್ಧತಿ?" ಅಂತ ಬರೆದು ವಾಪಸ್ ಕಳಿಸಿದರು. ಪಾರಿಭಾಷಿಕ ಪದ, ಪರೀಕ್ಷೆಯ ಹೆಸರು, ಉಪಕರಣದ ವಿವರ, ಇವು ಎಲ್ಲರಲ್ಲೂ ಒಂದೇ ಥರ ಇರುತ್ತವೆ, ಇರಲೇಬೇಕು. ಮುಟ್ಟಬೇಡಿ.

ಹಳೇ ವಿದ್ಯಾರ್ಥಿ:
ಗೈಡ್ ಕೇಳದಿದ್ದರೆ ಏನು ಮಾಡೋದು? ಸಂಖ್ಯೆ ನೋಡುವವರಿಗೆ ಸಂಖ್ಯೆ ತೋರಿಸಬೇಕು. ನಾನು ಮಾಡಿದ್ದೇ ಸರಿ.

ಕೊನೆಯ ಅಧ್ಯಾಯ:
1% ಫಿಲ್ಟರ್ ತೆಗೆದು ನೋಡಿದೆ. 0.7% ಮೂಲ ಒಂದಿದೆ, ಯಾವುದೋ ಬ್ಲಾಗ್. ಎರಡನೇ ಅಧ್ಯಾಯದಲ್ಲಿ ಒಂದೇ ಕಡೆ. ಆದರೆ ಆ ಬ್ಲಾಗ್ ನಾನು ನೋಡಿಯೇ ಇಲ್ಲ!

ರಿಪೋರ್ಟ್ ಓದುವವಳು:
ಇರಬಹುದು. ತಂತ್ರಾಂಶ ಹೇಳುವುದು ಈ ಪಠ್ಯ ಎಲ್ಲಿ ಸಿಕ್ಕಿತು ಅಂತ ಮಾತ್ರ, ಮೊದಲು ಬರೆದವರು ಯಾರು ಅಂತಲ್ಲ. ಬ್ಲಾಗಿನವರೂ ನೀವೂ ಒಂದೇ ಪುಸ್ತಕದಿಂದ ತೆಗೆದಿರಬಹುದು. ನಿಮ್ಮ ಟಿಪ್ಪಣಿಗಳನ್ನು ತೆರೆಯಿರಿ, ಆ ಪ್ಯಾರಾ ಯಾವ ಪುಸ್ತಕ ಓದುವಾಗ ಬರೆದುಕೊಂಡದ್ದು ನೋಡಿ. 0.7% ಅಂದರೆ 420 ಪದ. ಅದೂ ಒಂದೇ ಕಡೆ ಅಂದರೆ ನಿಮ್ಮ 31%ರಲ್ಲಿ ಮೊದಲು ಕೂತು ತಿದ್ದಬೇಕಾದದ್ದು ಅದೇ. ಪದ ಬದಲಿಸಬೇಡಿ. ಪ್ಯಾರಾ ಅಳಿಸಿ, ಅದರಲ್ಲಿ ಹೆಸರಿಸಿದ ಲೇಖನಗಳನ್ನೇ ಓದಿ, ಪುಸ್ತಕ ಮುಚ್ಚಿಟ್ಟು ಹೊಸದಾಗಿ ಬರೆಯಿರಿ.

ಲ್ಯಾಬ್ ಮೂಲೆ:
ನನ್ನ 9% ವಿಷಯಕ್ಕೆ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.