ಕನ್ನಡಕದಂಗಡಿಯ ಕರಪತ್ರಕ್ಕೆ ಏನು ಬರೀಲಿ?

ಕೇಳಿದವರು: ಹಾಸನದಲ್ಲಿ ಕನ್ನಡಕದಂಗಡಿ ಇಟ್ಟಿದೀನಿ. ವರ್ಷಕ್ಕೊಂದ್ಸಲ ಕಣ್ಣು ತೋರಿಸಿಕೊಳ್ಳಿ ಅಂತ ಕರಪತ್ರ ಹಾಕಿಸ್ಬೇಕು. "ನಂಗೆ ಚೆನ್ನಾಗೇ ಕಾಣುತ್ತಲ್ಲ" ಅನ್ನೋರಿಗೆ ಏನಂತ ಬರೆಯೋದು? ತಿಳಿದೋರು ಹೇಳಿ.

ಕಣ್ಣು ಪರೀಕ್ಷೆ ಮಾಡುವವರು, ಹಾಸನ: "ಕಣ್ಣು ಅಮೂಲ್ಯ" ಅಂತ ಶುರು ಮಾಡಬೇಡಿ ಸರ್, ಎರಡನೇ ಸಾಲಿಗೆ ಯಾರೂ ಬರಲ್ಲ. ಓದೋರ ಕೈಗೆ ಒಂದು ಕೆಲಸ ಕೊಡಿ. ಗೋಡೆ ಕ್ಯಾಲೆಂಡರಿನಿಂದ ಹತ್ತಡಿ ದೂರ ನಿಲ್ಲಲಿ, ದೂರದ ಕನ್ನಡಕ ಇದ್ದರೆ ಹಾಕ್ಕೊಂಡೇ ನಿಲ್ಲಲಿ. ಅಂಗೈಯನ್ನ ಬಟ್ಟಲಿನ ಹಾಗೆ ಮಾಡಿ ಒಂದು ಕಣ್ಣು ಮುಚ್ಚಿ, ತಾರೀಕಿನ ಕೆಳಗಿನ ಸಣ್ಣ ಅಕ್ಷರ ನೋಡಲಿ. ಆಮೇಲೆ ಇನ್ನೊಂದು ಕಣ್ಣು. ರೆಪ್ಪೆ ಒತ್ತಬಾರದು ಅಂತ ಮರೀದೆ ಬರೀರಿ. ಒತ್ತಿದ ಕಣ್ಣು ಸ್ವಲ್ಪ ಹೊತ್ತು ಮಂಜಾಗೇ ಇರುತ್ತೆ, ಸುಮ್ನೆ ಗಾಬರಿ ಬೀಳ್ತಾರೆ.

ಇದ್ಯಾಕೆ ಅಂದ್ರೆ, ಬಲಗಣ್ಣು 6/6 ಇದ್ದು ಎಡಗಣ್ಣು 6/24ಕ್ಕೆ ಇಳಿದಿರೋರೂ "ಚೆನ್ನಾಗೇ ಕಾಣುತ್ತೆ" ಅಂತಾನೇ ಹೇಳೋದು. 6/24 ಅಂದ್ರೆ ಬೇರೆಯವರು 24 ಮೀಟರ್ ದೂರದಿಂದ ಓದೋ ಅಕ್ಷರಕ್ಕೆ ಇವರು 6 ಮೀಟರ್ ದೂರಕ್ಕೆ ಬಂದು ನಿಲ್ಲಬೇಕು. ಎರಡೂ ಕಣ್ಣು ತೆರೆದಿರುವಾಗ ಒಳ್ಳೇ ಕಣ್ಣು ಆ ಕೆಲಸಾನೂ ಮಾಡಿಬಿಡುತ್ತೆ. ಮನೇಲಿ ಸೊಸೆ ಅಡುಗೆ ಮಾಡ್ತಿದ್ರೆ ಅತ್ತೆಗೆ ಗ್ಯಾಸ್ ಮುಗಿದಿದ್ದು ಗೊತ್ತಾಗಲ್ವಲ್ಲ, ಹಾಗೆ.

ಹಳೇ ವ್ಯಾಪಾರಿ: ಅಷ್ಟೆಲ್ಲ ಯಾಕೆ? "ಕಂಪ್ಯೂಟರ್ ಟೆಸ್ಟ್, ಕಣ್ಣಿನ ಎಲ್ಲ ತೊಂದರೆ ಐದೇ ನಿಮಿಷದಲ್ಲಿ" ಅಂತ ಹಾಕಿ. ಗಾಳಿ ಊದಿ ಕಣ್ಣಿನ ಒತ್ತಡ ನೋಡೋ ಮಿಷನ್ ಇದ್ರೆ ಕಣ್ಣಿನ ನರ ಹಾಳು ಮಾಡೋ ಗ್ಲಾಕೋಮಾನೂ ಅಲ್ಲೇ ಸಿಕ್ಕಿಬೀಳುತ್ತೆ.

ಸಕಲೇಶಪುರದಿಂದ: ಇಲ್ಲೇ ಕೇಳಿಬಿಡ್ತೀನಿ. ನಮ್ಮಪ್ಪನಿಗೆ ಶುಗರ್. ಮೂರು ತಿಂಗಳಲ್ಲಿ ಎರಡು ಸಲ ನಂಬರ್ ಬದಲಾಯ್ತು. ಅಂಗಡಿಯೋರು ಮೋಸ ಮಾಡ್ತಿದಾರಾ? ಹಾಸನದಲ್ಲಿ ಯಾವ ಅಂಗಡಿ ಒಳ್ಳೇದು?

ಕಣ್ಣು ಪರೀಕ್ಷೆ ಮಾಡುವವರು: ಮೋಸ ಅಂತ ಈಗಲೇ ಅನ್ನಬೇಡಿ. ಸಕ್ಕರೆ ತುಂಬಾ ಏರಿಳಿದಾಗ ಕಣ್ಣೊಳಗಿನ ಮಸೂರದ ನೀರಿನಂಶ ಹೆಚ್ಚುಕಮ್ಮಿ ಆಗಿ ನಂಬರೇ ಅಲುಗಾಡುತ್ತೆ. ಸಕ್ಕರೆ ಕೆಲವು ವಾರ ಒಂದೇ ಮಟ್ಟದಲ್ಲಿ ನಿಂತ ಮೇಲೆ ಹೊಸ ಕನ್ನಡಕ ಮಾಡಿಸಿ. ಆದ್ರೆ ಕಣ್ಣಿನ ಹಿಂದಿನ ಪರದೆ ತೋರಿಸೋದಕ್ಕೆ ಕಾಯಬೇಡಿ. ಅದನ್ನ ಅಂಗಡೀಲಲ್ಲ, ಕಣ್ಣಿನ ಡಾಕ್ಟರ ಹತ್ರ, ವರ್ಷಕ್ಕೊಂದ್ಸಲ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡ್ತಾರೆ, ಕೆಲವು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತೆ. ಬೈಕ್ ನೀವು ಓಡಿಸಿ, ಅಪ್ಪ ಹಿಂದೆ ಕೂರಲಿ.

ವ್ಯಾಪಾರಿಗಳೇ, ಬೇಜಾರು ಮಾಡ್ಕೋಬೇಡಿ, ಆ ಸಾಲು ಬೇಡ. ಕಂಪ್ಯೂಟರ್ ಹೇಳೋದು ನಂಬರ್ ಮಾತ್ರ, ಅದೂ ಅಂದಾಜು. ಅದಕ್ಕೇ ಆಮೇಲೆ ಲೆನ್ಸ್ ಬದಲಾಯಿಸಿ ಬದಲಾಯಿಸಿ ಓದಿಸೋದು. ಗಾಳಿ ಊದೋ ಮಿಷನ್ ಉಪಯೋಗಕ್ಕೆ ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಒತ್ತಡ ಮಾಮೂಲಿ ಮಿತಿಯಾದ 21ರೊಳಗಿದ್ದೂ ಗ್ಲಾಕೋಮ ಇರೋರಿದಾರೆ. ಕಣ್ಣಿನ ನರ ನೋಡದೆ ಇಲ್ಲ ಅಂತ ಹೇಳೋಕಾಗಲ್ಲ.

ಲೆನ್ಸ್ ಫಿಟಿಂಗ್ ಕೆಲಸದವರು, ಚಿಕ್ಕಮಗಳೂರು: ಒಂದು ಸಾಲು ವಯಸ್ಸಾದೋರಿಗೆ ಇಡಿ ಅಣ್ಣಾ. "ಚಾಳೀಸು ಇಲ್ದೇ ಪೇಪರ್ ಓದೋಕೆ ಶುರು ಮಾಡಿದೀರಾ? ಬಂದು ತೋರಿಸಿ." ದೂರಕ್ಕೆ ನಂಬರೇ ಇಲ್ಲದ, ಓದೋಕೆ +2.50 ಹಾಕ್ತಿದ್ದ 65ರ ಯಜಮಾನರು ಅಂದ್ಕೊಳ್ಳಿ. ಪೊರೆ ಮಸೂರದ ನಡುವೆ ಗಟ್ಟಿಯಾಗ್ತಾ ಬಂದ್ರೆ ಕಣ್ಣಿಗೆ ನಿಧಾನವಾಗಿ ಮೈನಸ್ ಸೇರುತ್ತೆ. ಅದು −2.50 ತಲುಪಿದಾಗ ಸರಿಯಾಗಿ 40 ಸೆಂಟಿಮೀಟರಲ್ಲಿ, ಪೇಪರ್ ಹಿಡಿಯೋ ದೂರದಲ್ಲೇ, ಅಕ್ಷರ ಸ್ಪಷ್ಟ. ಕಣ್ಣು ವಾಪಸ್ ಬಂತು ಅಂತ ಖುಷಿಯಾಗಿ ಕನ್ನಡಕ ಬೀರುಗೆ ಸೇರಿಸ್ತಾರೆ. ಬಸ್ ಬೋರ್ಡ್ ಓದಿಸಿ ನೋಡಿ, ಬೇಲೂರು ಯಾವುದು ಬೇಲೂರು ಕ್ರಾಸ್ ಯಾವುದು ಗೊತ್ತಾಗಲ್ಲ.

ಕಣ್ಣು ಪರೀಕ್ಷೆ ಮಾಡುವವರು: ಇದೇ ತಲೆಬರಹ ಮಾಡಿ ಸರ್, ನನ್ನ ಕ್ಯಾಲೆಂಡರು ಕೆಳಗಿರಲಿ.

ಹಳೇ ವ್ಯಾಪಾರಿ: ಸರಿ, ಆದ್ರೆ "ಎಲ್ಲರೂ ವರ್ಷಕ್ಕೊಂದ್ಸಲ" ಅಂತಾದ್ರೂ ಹಾಕಬಹುದಲ್ಲ?

ಕಣ್ಣು ಪರೀಕ್ಷೆ ಮಾಡುವವರು: ಸ್ಕೂಲು ಮಕ್ಕಳು, ನಲವತ್ತು ದಾಟಿದೋರು, ಶುಗರ್ ಇರೋರು, ಮನೇಲಿ ಯಾರಿಗಾದ್ರೂ ಗ್ಲಾಕೋಮ ಇರೋರು, ಇವರಿಗೆ ಧೈರ್ಯವಾಗಿ ಬರೀರಿ. ಏನೂ ತೊಂದರೆ ಇಲ್ಲದ ಇಪ್ಪತ್ತೈದರ ಹುಡುಗರಿಗೆ ಎರಡು ವರ್ಷಕ್ಕೊಮ್ಮೆ ಸಾಕು ಅಂತ ನನ್ನ ಲೆಕ್ಕ.

ಲೆನ್ಸ್ ಫಿಟಿಂಗ್ ಕೆಲಸದವರು: ದಿನಾ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರೋ ಹುಡುಗರಿಗೂನಾ ಮೇಡಂ? ನಾನಂತೂ ಒಪ್ಪಲ್ಲ.

ಕೇಳಿದವರು: ಹುಡುಗರ ವಿಷಯ ಸದ್ಯಕ್ಕೆ ಬಿಟ್ಟಿದೀನಿ. ತಲೆಬರಹ ಚಾಳೀಸಿನದು, ನಡುವೆ ಕ್ಯಾಲೆಂಡರು. ಕೊನೇಲಿ: "ನಮ್ಮಲ್ಲಿ ನಂಬರ್ ನೋಡ್ತೀವಿ. ಕನ್ನಡಕ ಹಾಕಿದ್ರೂ ಅಕ್ಷರ ತಿಳಿಯಾಗದಿದ್ರೆ ಕನ್ನಡಕ ಮಾರಲ್ಲ, ಡಾಕ್ಟರಿಗೆ ಚೀಟಿ ಬರೆದು ಕೊಡ್ತೀವಿ."