ಟಿಸಿಎಫ್ ಕೆನಡಾ ಮಾತಿನ ಪರೀಕ್ಷೆ: ಪ್ರಶ್ನೆ ಫ್ರೆಂಚ್‌ನಲ್ಲಿ, ಸುಳಿವು ಕನ್ನಡದಲ್ಲಿ

ಕೆನಡಾದಲ್ಲಿ ಕಾಯಂ ನೆಲೆಸುವ ಅನುಮತಿಯಾದ ಪಿಆರ್‌ಗಾಗಿ ಫ್ರೆಂಚ್ ಕಲಿಯುತ್ತಿರುವ ಅಕ್ಕ ಒಬ್ಬರು ಕೇಳಿದ್ದರು: ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಅಭ್ಯಾಸ ಮಾಡುವಾಗ ಎಲ್ಲಿ ಸಿಕ್ಕಿಹಾಕಿಕೊಂಡರೂ ಇಂಗ್ಲಿಷ್‌ಗೆ ಜಾರುತ್ತೇವೆ, ಏನು ಮಾಡೋದು ಅಂತ. ನಮ್ಮ ಮನೆಯ ನಿಯಮ ಹೇಳುತ್ತೇನೆ. ಪ್ರಶ್ನೆ ಫ್ರೆಂಚ್‌ನಲ್ಲಿ ಮಾತ್ರ. ಸುಳಿವು ಕನ್ನಡದಲ್ಲಿ ಮಾತ್ರ. ಇಂಗ್ಲಿಷ್ ಇಲ್ಲವೇ ಇಲ್ಲ.

ಟಿಸಿಎಫ್ ಕೆನಡಾ ಅಂದರೆ ಕೆನಡಾ ವಲಸೆ ಅರ್ಜಿಗಾಗಿ ಬರೆಯುವ ಒಂದು ಫ್ರೆಂಚ್ ಪರೀಕ್ಷೆ. ಅದರ ಮಾತಿನ ಭಾಗ ಒಟ್ಟು 12 ನಿಮಿಷ. ಮೊದಲ 2 ನಿಮಿಷ ನಿಮ್ಮ ಬಗ್ಗೆ ಪರೀಕ್ಷಕರು ಕೇಳುತ್ತಾರೆ, ತಯಾರಿಗೆ ಸಮಯ ಇಲ್ಲ. ಎರಡನೆಯದು ಐದೂವರೆ ನಿಮಿಷ, ಅದರಲ್ಲಿ 2 ನಿಮಿಷ ತಯಾರಿ. ಇಲ್ಲಿ ಪ್ರಶ್ನೆ ಕೇಳಬೇಕಾದವರು ನೀವು. ಕೊನೆಯ ನಾಲ್ಕೂವರೆ ನಿಮಿಷ ಒಂದು ವಿಷಯದ ಮೇಲೆ ಅಭಿಪ್ರಾಯ. ಕೆನಡಾದಲ್ಲಿ ಫ್ರೆಂಚ್ ಮಟ್ಟ ಅಳೆಯುವ ಎನ್‌ಸಿಎಲ್‌ಸಿಯಲ್ಲಿ 7ನೇ ಮಟ್ಟ ಬೇಕಾದರೆ ಮಾತಿನಲ್ಲಿ 20ಕ್ಕೆ ಕನಿಷ್ಠ 10 ಬರಬೇಕು.

ಇಂಗ್ಲಿಷ್ ಯಾಕೆ ಬೇಡ ಅಂತೀರಾ? ಒಂದು ಪ್ರಶ್ನೆ ತಗೊಳ್ಳಿ (ಉಚ್ಚಾರಣೆ ಕನ್ನಡದಲ್ಲಿ ಅಂದಾಜಿಗೆ ಬರೆಯುತ್ತಿದ್ದೇನೆ): "ದೆಪ್ವಿ ಕೊಂಬಿಯಾಂ ದ ತಾಂ ಅಬಿತೇ ವೂ ಇಸಿ?" ಇಲ್ಲಿ ಎಷ್ಟು ಕಾಲದಿಂದ ಇದ್ದೀರಿ ಅಂತ. ಮನಸ್ಸು ಇಂಗ್ಲಿಷ್ ದಾರಿ ಹಿಡಿದರೆ "ಐ ಹ್ಯಾವ್ ಲಿವ್ಡ್" ಅನ್ನುವುದನ್ನೇ ಫ್ರೆಂಚ್ ಮಾಡಿ "ಜೇ ಅಬಿತೇ" ಅಂತ ಶುರು ಮಾಡುತ್ತೇವೆ. ಕೇಳುವವರಿಗೆ ಅದು "ಇದ್ದೆ, ಈಗ ಇಲ್ಲ" ಅನ್ನೋ ಹಾಗೆ ಕೇಳಿಸುತ್ತದೆ. ಕನ್ನಡದಲ್ಲಿ ನಾವು "ನಾಲ್ಕು ವರ್ಷದಿಂದ ಇಲ್ಲಿದ್ದೀನಿ" ಅಂತೀವಿ ಅಲ್ವಾ? ವರ್ತಮಾನ ಕಾಲವೇ. ಫ್ರೆಂಚ್‌ನಲ್ಲೂ ಹಾಗೇ: "ಜಬಿತ್ ಇಸಿ ದೆಪ್ವಿ ಕಾತ್ರಾಂ." ಹಾಗಾಗಿ ಸುಳಿವು "ವರ್ಷದಿಂದ" ಅಂತ ಒಂದೇ ಪದ ಕೊಟ್ಟರೆ ಸಾಕು, ಕಾಲ ತಾನಾಗಿ ಸರಿಹೋಗುತ್ತದೆ.

ಆದರೆ ಪೂರ್ತಿ ಕನ್ನಡ ವಾಕ್ಯವನ್ನು ಸುಳಿವಾಗಿ ಕೊಡಬೇಡಿ. ಕೊಟ್ಟರೆ ಕಲಿಯುವವರು ಅದನ್ನು ಪದಪದವಾಗಿ ಅನುವಾದ ಮಾಡಲು ಕೂರುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದು, ಅದಕ್ಕೇ ಕಾಯುತ್ತಾ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಇನ್ನೊಂದು ವಿಷಯ, ಸುಳಿವಿಗೆ ಮೊದಲು ಪ್ರಶ್ನೆಯನ್ನೇ ಇನ್ನೊಮ್ಮೆ ಫ್ರೆಂಚ್‌ನಲ್ಲಿ ನಿಧಾನವಾಗಿ ಕೇಳಿ. "ಪೂವೇ ವೂ ರೆಪೆತೇ, ಸಿಲ್ ವೂ ಪ್ಲೇ?" ಅಂತ ಕಲಿಯುವವರೇ ಕೇಳಿಕೊಳ್ಳಲಿ. ಪರೀಕ್ಷೆಯಲ್ಲಿ ಉಳಿಯುವ ಆಸರೆ ಅದೊಂದೇ, ಕನ್ನಡ ಅಲ್ಲಿ ಸಿಗಲ್ಲ.

ಎರಡನೇ ಭಾಗಕ್ಕೆ ಈ ರೀತಿ ಇನ್ನೂ ಜಾಸ್ತಿ ಉಪಯೋಗ. ಉದಾಹರಣೆಗೆ, ನಾನು ನಿಮ್ಮ ನೆರೆಮನೆಯವರು, ನೀವು ಈಗಷ್ಟೇ ಈ ಬಡಾವಣೆಗೆ ಬಂದಿದ್ದೀರಿ, ನನ್ನನ್ನು ಪ್ರಶ್ನೆ ಕೇಳಿ ಅಂತ ವಿಷಯ. ನನ್ನ ಹೆಂಡತಿ ಮೊದಲು ಎಲ್ಲದಕ್ಕೂ "ಎಸ್ಕಿಲ್ಯಾ" ಅಂತಲೇ ಶುರು ಮಾಡುತ್ತಿದ್ದಳು. ಎಸ್ಕಿಲ್ಯಾ ಶಾಲೆ, ಎಸ್ಕಿಲ್ಯಾ ಬಸ್ಸು, ಎಸ್ಕಿಲ್ಯಾ ಪಾರ್ಕು. ಇದೆಯಾ, ಇದೆಯಾ, ಇದೆಯಾ ಅಷ್ಟೇ. ಆಗ ಸುಳಿವಿನ ಚೀಟಿಗಳಲ್ಲಿ "ಶಾಲೆ", "ಬಸ್ಸು" ಬರೆಯುವುದನ್ನು ಬಿಟ್ಟು "ಯಾವಾಗ", "ಎಷ್ಟು", "ಯಾಕೆ", "ಹೇಗೆ", "ಯಾರಿಗೆ" ಅಂತ ಬರೆದೆ. "ಎಷ್ಟು" ಚೀಟಿ ಬಂದರೆ ಬಸ್ ಪಾಸಿನ ಬೆಲೆ ಕೇಳಲೇಬೇಕು, "ಕೊಂಬಿಯಾಂ". "ಯಾವಾಗ" ಬಂದರೆ ಶಾಲೆ ಬಿಡುವ ಹೊತ್ತು, "ಆ ಕೆಲ್ ಅರ್". ಪ್ರಶ್ನೆಗಳು ಒಂದೇ ಅಚ್ಚಿನಿಂದ ಬರೋದು ನಿಂತಿತು. ನಂತರ ಒಂದು ಚೀಟಿ ಹೆಚ್ಚಾಗಿ ಸೇರಿಸಿದೆವು: "ಏನಂದ್ರು?" ಅದು ಬಂದರೆ ಹೊಸ ಪ್ರಶ್ನೆ ಇಲ್ಲ, ಎದುರಿನವರು ಈಗ ಹೇಳಿದ್ದರಿಂದಲೇ ಮುಂದಿನ ಪ್ರಶ್ನೆ ಎತ್ತಬೇಕು. ಶಾಲೆಯಲ್ಲಿ ಸೀಟಿಲ್ಲ ಅಂದರೆ, ಬೇರೆ ಶಾಲೆ ಎಲ್ಲಿದೆ ಅಂತ.

ಕನ್ನಡ ಸುಳಿವು ಕೈಕೊಡುವ ಜಾಗವೂ ಇದೆ. ಫ್ರೆಂಚ್‌ನಲ್ಲಿ ಬಸ್ಸು ಗಂಡು, ಶಾಲೆ ಹೆಣ್ಣು. ನಮಗೆ ಎರಡೂ "ಅದು". ಹಾಗಾಗಿ ನಾಮಪದಗಳನ್ನು "ಅಂ ಬ್ಯೂಸ್", "ಯೂನ್ ಎಕೋಲ್" ಅಂತ ಜೋಡಿಯಾಗಿಯೇ ಬಾಯಿಪಾಠ ಮಾಡಬೇಕು.

ಸುಳಿವು ಊರುಗೋಲಾಗಿದೆಯಾ ಅಂತ ತಿಳಿಯೋದು ಸುಲಭ. ಸುಳಿವು ಕೊಟ್ಟ ಪ್ರಶ್ನೆಗೆ ಗುರುತು ಹಾಕಿ, ಎರಡು ದಿನ ಬಿಟ್ಟು ಅದನ್ನೇ ಸುಳಿವಿಲ್ಲದೆ ಕೇಳಿ. ಮತ್ತೆ ನಿಂತರೆ ಆ ವಾಕ್ಯ ಇನ್ನೂ ಬಾಯಿಗೆ ಬಂದಿಲ್ಲ. ಪರೀಕ್ಷೆಗೆ ಎರಡು ವಾರ ಇರುವಾಗ ಚೀಟಿಗಳನ್ನು ಎತ್ತಿಟ್ಟು, ಗಡಿಯಾರ ಇಟ್ಟುಕೊಂಡು 12 ನಿಮಿಷವೂ ಬರೀ ಫ್ರೆಂಚ್.

ಇನ್ನೊಬ್ಬರು ಕೇಳಿದ್ದು, ಅದಕ್ಕೆ ನಾನು ಹೇಳಿದ್ದು:

— ಅಣ್ಣಾ, ನನ್ನ ಮಗಳು ಫ್ರೆಂಚ್ ಇಮ್ಮರ್ಷನ್‌ನಲ್ಲಿ ಓದುತ್ತಿದ್ದಾಳೆ. ಅವಳೇ ಪರೀಕ್ಷಕಿ ಆದರೆ ನಡೆಯುತ್ತಾ?

— ಚೆನ್ನಾಗಿ ನಡೆಯುತ್ತಮ್ಮಾ, ಉಚ್ಚಾರಣೆ ನಮಗಿಂತ ಎಷ್ಟೋ ವಾಸಿ ಇರುತ್ತೆ. ಆದರೆ ಅಮ್ಮನ ಜೊತೆ ಅವಳಿಗೆ "ತ್ಯೂ" ಅಂತಲೇ ಬರೋದು, ಕನ್ನಡದಲ್ಲಿ ನಿನ್ನನ್ನು "ನೀನು" ಅಂದ ಹಾಗೆ. ಪರೀಕ್ಷಕರ ಜೊತೆ "ವೂ" ಬೇಕು. ಆಟ ಶುರುವಾದ ಮೇಲೆ ನೀನು ಅವಳನ್ನು "ಮದಾಂ" ಅನ್ನು, ಅವಳೂ ನಿನಗೆ "ಮದಾಂ" ಅನ್ನಲಿ. ಸುಳಿವು ಕೊಡುವಾಗಲೂ "ನೀವು ಎಷ್ಟು ವರ್ಷದಿಂದ" ಅಂತಲೇ ಕೊಡಲು ಹೇಳು. ನಗು ಬರುತ್ತೆ, ಬರಲಿ ಬಿಡು.