ಬೇಲೂರು ಅಂತ ಗುರುತು ಹಾಕಿದೆ, ಸರಿಯುತ್ತರ ಸೋಮನಾಥಪುರ. ಎಲ್ಲಿ ತಪ್ಪಿದೆ?

ಬೆಳ್ಳಕ್ಕಿ:
ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ಇತ್ತು. ನಕ್ಷತ್ರದ ಹಾಗೆ ಮೂಲೆಗಳು ಚಾಚಿದ ಜಗತಿ, ಅದರ ಮೇಲೆ ಗುಡಿ, ಗೋಡೆ ತುಂಬ ಕೆತ್ತನೆ. ಆಯ್ಕೆಗಳು ಬೇಲೂರು, ಹಳೇಬೀಡು, ಸೋಮನಾಥಪುರ, ಲಕ್ಕುಂಡಿ. ಜಗತಿ ನೋಡಿದ ಕೂಡಲೇ ಬೇಲೂರು ಅಂದುಕೊಂಡೆ. ಹೊಯ್ಸಳರದ್ದು ಅಂತ ಗೊತ್ತಾಗುತ್ತದೆ, ಯಾವ ಊರಿನದು ಅನ್ನುವಲ್ಲಿ ಪ್ರತಿ ಸಲ ಎಡವುತ್ತೇನೆ.

ದಾರಿಹೋಕ:
ಶಿಖರ ಇದ್ದರೆ ಸೋಮನಾಥಪುರ, ಇಲ್ಲದಿದ್ದರೆ ಹಳೇಬೀಡು. ಆದರೆ ಬೇಲೂರಿನಲ್ಲೂ ಎತ್ತರದ ಗೋಪುರ ಇದೆ, ನಾನೇ ನೋಡಿದ್ದೇನೆ. ಹಾಗಾಗಿ ನಿಮ್ಮ ಉತ್ತರವೂ ಸರಿ ಇರಬಹುದು.

ಕಲ್ಲುಕುಟಿಗ:
ಬೆಳ್ಳಕ್ಕಿಯವರೇ, ಎರಡು ವಿಷಯ ಹೇಳಿ. ಚಿತ್ರದಲ್ಲಿ ಎಷ್ಟು ಶಿಖರ ಇವೆ? ಗುಡಿಯ ಹಿಂದೆ ಏನು ಕಾಣುತ್ತದೆ?

ಬೆಳ್ಳಕ್ಕಿ:
ಮೂರು ಶಿಖರ. ಹಿಂದೆ ಕಂಬಗಳಿರುವ ತಗ್ಗಾದ ಪಡಸಾಲೆಯ ಹಾಗೆ ಏನೋ ಇದೆ. ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಕಲ್ಲುಕುಟಿಗ:
ಉತ್ತರ ಅಲ್ಲೇ ಇದೆ. ನೀವು ಜಗತಿಯಿಂದ ತೀರ್ಮಾನಕ್ಕೆ ಬಂದಿರಿ. ಆದರೆ ಅಂಥ ಜಗತಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರರಲ್ಲೂ ಇದೆ. ಮೂರಕ್ಕೂ ಸಮಾನವಾಗಿರುವ ಲಕ್ಷಣ ಊರನ್ನು ಹೇಳುವುದಿಲ್ಲ. ಮೇಲೆ ನೋಡಬೇಕು, ಆಮೇಲೆ ಸುತ್ತ ನೋಡಬೇಕು. ಸೋಮನಾಥಪುರದಲ್ಲಿ ಮೂರು ಗರ್ಭಗುಡಿ, ಮೂರರ ಮೇಲೂ ಶಿಖರ ಉಳಿದಿದೆ. ಸುತ್ತಲೂ ಚಿಕ್ಕ ಚಿಕ್ಕ ಕೋಣೆಗಳಿರುವ ಕೈಸಾಲೆ ಇದೆ. ನಿಮಗೆ ಪಡಸಾಲೆಯ ಹಾಗೆ ಕಂಡದ್ದು ಅದೇ. ಹಳೇಬೀಡಿನಲ್ಲಿ ಗರ್ಭಗುಡಿ ಎರಡು, ಶಿಖರ ಒಂದೂ ಇಲ್ಲ, ಎದುರಿಗೆ ಎರಡು ನಂದಿಮಂಟಪ.

ದಾರಿಹೋಕರೇ, ಬೇಲೂರಿನಲ್ಲಿ ನೀವು ನೋಡಿದ್ದು ಹೆಬ್ಬಾಗಿಲ ಗೋಪುರ. ಅದು ವಿಜಯನಗರ ಕಾಲದ್ದು, ಗುಡಿಯಿಂದ ದೂರ ನಿಂತಿದೆ. ಗರ್ಭಗುಡಿಯ ಮೇಲಿದ್ದ ಶಿಖರವನ್ನು 19ನೇ ಶತಮಾನದಲ್ಲೇ ಇಳಿಸಿದರು. ಈಗ ಗುಡಿಯ ಮೇಲ್ಭಾಗ ಚಪ್ಪಟೆ. ಫೋಟೋವನ್ನು ಒಂದು ಕೋನದಿಂದ ತೆಗೆದರೆ ಗೋಪುರ ಗುಡಿಯ ತಲೆಯ ಮೇಲೇ ಇದ್ದಂತೆ ಕಾಣುತ್ತದೆ. ಪರೀಕ್ಷೆಯ ಚಿತ್ರಗಳಲ್ಲಿ ಇದರಿಂದಲೇ ಜಾಸ್ತಿ ಜನ ಮೋಸ ಹೋಗುತ್ತಾರೆ.

ದಾರಿಹೋಕ:
ಸರಿ, ಅದು ಗೋಪುರ ಅಂತ ಒಪ್ಪಿದೆ. ಆದರೆ ಶಿಖರ ಇದ್ದರೆ ಸೋಮನಾಥಪುರ ಅನ್ನುವುದು ನಿಲ್ಲುತ್ತದೆ, ಅಲ್ವಾ?

ಕಲ್ಲುಕುಟಿಗ:
ಈ ನಾಲ್ಕು ಆಯ್ಕೆಗಳ ಒಳಗೂ ನಿಲ್ಲುವುದಿಲ್ಲ. ಲಕ್ಕುಂಡಿಯ ಗುಡಿಗಳಲ್ಲೂ ಶಿಖರ ಇವೆ, ಅವು ಕಲ್ಯಾಣ ಚಾಲುಕ್ಯರ ಕಾಲದವು. ಹೊಸಹೊಳಲಿನಲ್ಲೂ ಮೂರು ಗರ್ಭಗುಡಿ ಇವೆ, ಆದರೆ ಶಿಖರ ನಡುವಿನದಕ್ಕೆ ಮಾತ್ರ. ಅದಕ್ಕೇ ಎಣಿಸಿ ಅನ್ನುವುದು. ಇದೆಯೋ ಇಲ್ಲವೋ ಅಂತ ಮಾತ್ರ ನೋಡಿದರೆ ಸಾಲದು.

ಗೆಜ್ಜೆನಾದ:
ನನಗೂ ಇದೇ ತೊಂದರೆ. ತೆಂಕುತಿಟ್ಟಿನ ಯಕ್ಷಗಾನದ ಚಿತ್ರ ಕೊಟ್ಟಿದ್ದರು, ದೊಡ್ಡ ಕಿರೀಟ ನೋಡಿ ಕಥಕ್ಕಳಿ ಅಂತ ಬರೆದೆ. ಶಿಖರ ಎಣಿಸಿದ ಹಾಗೆ ಅಲ್ಲಿ ಏನನ್ನು ನೋಡಬೇಕು?

ಕಲ್ಲುಕುಟಿಗ:
ವೇಷಗಳಲ್ಲಿ ನನಗೆ ಅಷ್ಟು ಅನುಭವ ಇಲ್ಲ. ಕಿರೀಟ ಬಿಟ್ಟು ದವಡೆ ನೋಡಿ. ಮುಖಕ್ಕೆ ಹಸಿರು ಬಣ್ಣ, ದವಡೆಯುದ್ದಕ್ಕೂ ಹೊರಗೆ ಚಾಚಿದ ಬಿಳಿ ಅಂಚು ಕಟ್ಟಿದ್ದರೆ ಅದು ಕಥಕ್ಕಳಿ. ಆದರೆ ಕಥಕ್ಕಳಿಯ ಸ್ತ್ರೀವೇಷಕ್ಕೆ ಆ ಅಂಚು ಇರುವುದಿಲ್ಲ, ಅಲ್ಲಿ ಈ ಗುರುತು ಕೆಲಸಕ್ಕೆ ಬರದು.

ಬೆಳ್ಳಕ್ಕಿ:
ಇಡೀ ಗುಡಿ ಕೊಡದೆ ಸುಮ್ನೆ ಗೋಡೆಯ ತುಂಡು ಕೊಟ್ಟರೆ? ಇನ್ನೊಂದು ಪತ್ರಿಕೆಯಲ್ಲಿ ಕೆಳಗಿನ ಪಟ್ಟಿಕೆಗಳು ಮಾತ್ರ ಇದ್ದವು. ತಳದಲ್ಲಿ ಆನೆ ಸಾಲು, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ.

ಕಲ್ಲುಕುಟಿಗ:
ಒಳ್ಳೆಯ ಪ್ರಶ್ನೆ. ಆನೆ ಸಾಲಿನ ಮೇಲೆ ಏನಿದೆ ಅನ್ನುವುದೇ ಮುಖ್ಯ. ಹಳೇಬೀಡಿನಲ್ಲಿ ಆನೆಯ ಮೇಲೆ ಸಿಂಹದ ಸಾಲು, ಆಮೇಲೆ ಬಳ್ಳಿ, ಅದಾದ ಮೇಲೆ ಕುದುರೆ. ಸೋಮನಾಥಪುರದಲ್ಲಿ ಸಿಂಹದ ಸಾಲಿಲ್ಲ, ಆನೆಯ ಮೇಲೆ ನೇರ ಕುದುರೆ. ಹಾಗಾಗಿ ನಿಮ್ಮ ಚಿತ್ರ ಹಳೇಬೀಡಿನದಲ್ಲ. ಇನ್ನು ಬೇಲೂರು ಅನ್ನಲು ಗೋಡೆಯ ಬುಡ ಬೇಡ, ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರು ಕಾಣಬೇಕು.

ಬೆಳ್ಳಕ್ಕಿ:
ಹಾಗಾದರೆ ಸೋಮನಾಥಪುರ ಅಂತ ಬರೆಯಬಹುದಾ?

ಕಲ್ಲುಕುಟಿಗ:
ಆಯ್ಕೆಗಳಲ್ಲಿ ಹೊಸಹೊಳಲು ಇಲ್ಲದಿದ್ದರೆ ಬರೆಯಿರಿ. ಅಲ್ಲಿಯೂ ಇದೇ ಕ್ರಮ ಇದೆ. ಎರಡೂ ಇದ್ದರೆ ಆ ತುಂಡು ನೋಡಿ ನಾನಂತೂ ಹೇಳಲಾರೆ. ಆಯ್ಕೆಗಳ ಪಟ್ಟಿ ಹಾಕಿ, ನೋಡೋಣ.